ರೆಸ್ಯೂಮೆಯಿಂದ ಅಳಿಸಿದ ರೋಗ

ಬೆನ್ನುಮೂಳೆಯ ಕ್ಷಯದಿಂದ ಎರಡು ವರ್ಷ ಮನೆಯಲ್ಲಿದ್ದ ನಾನು, ಗುಣವಾದ ಮೇಲೆ ಗೋದಾಮಿನ ಕೆಲಸಗಳಿಗೆ ಮತ್ತೆ ಅರ್ಜಿ ಹಾಕತೊಡಗಿದೆ. ಮುಚ್ಚಿಟ್ಟರೆ ಮೋಸವಾದೀತೆಂದು ರೆಸ್ಯೂಮೆಯ ಆರಂಭದಲ್ಲೇ ರೋಗ, ಶಸ್ತ್ರಚಿಕಿತ್ಸೆ ಎಲ್ಲವನ್ನೂ ಬರೆದಿದ್ದೆ. ಎಲ್ಲಿಂದಲೂ ಕರೆ ಬರಲಿಲ್ಲ.

ಐರೋಲಿಯ ಕಂಪನಿಯೊಂದರಲ್ಲಿ ನೇಮಕಾತಿ ನೋಡಿಕೊಳ್ಳುವ ನನ್ನ ದೊಡ್ಡಮ್ಮನ ಮಗಳು ಒಂದು ಭಾನುವಾರ ನಮ್ಮ ಡೊಂಬಿವಲಿಯ ಮನೆಗೆ ಬಂದವಳು ಆ ರೆಸ್ಯೂಮೆಯನ್ನು ಓದಿದಳು.

"ಇದೆಂತ, ಆಸ್ಪತ್ರೆ ಫೈಲಾ? ಇದ್ರಲ್ಲಿ ನಿನ್ನ ಕೆಲಸ ಕಾಣ್ಬೇಕು ಮಾರಾಯ್ತಿ."

"ಗ್ಯಾಪ್ ಯಾಕೆ ಅಂತ ಕೇಳಿದ್ರೆ ಅಕ್ಕಾ?"

"ಸುಳ್ಳು ಹೇಳ್ಬೇಡ. ಆರೋಗ್ಯದ ಕಾರಣಕ್ಕೆ ಬ್ರೇಕ್ ತಗೊಂಡಿದ್ದೆ, ಈಗ ಕೆಲಸ ಮಾಡ್ಲಿಕ್ಕೆ ಆಗ್ತದೆ ಅಂತ ಹೇಳು, ಸಾಕು. ಅನುಕೂಲ ಎಂತಾದ್ರೂ ಬೇಕಿದ್ರೆ ಆಫರ್ ಬಂದ ಮೇಲೆ ಕೇಳು."

ರೋಗದ ಸಾಲುಗಳನ್ನು ಅಳಿಸಿದೆ. ಆ ಜಾಗದಲ್ಲಿ ರೋಗಕ್ಕೆ ಮೊದಲು ಗೋದಾಮಿನಲ್ಲಿ ದುಡಿದ ಆರು ವರ್ಷಗಳ ಅನುಭವವನ್ನೂ ಮಲಗಿದ್ದಲ್ಲೇ ಮುಗಿಸಿದ್ದ ಸ್ಟಾಕ್ ನಿರ್ವಹಣೆಯ ಆನ್‌ಲೈನ್ ಕೋರ್ಸನ್ನೂ ಬರೆದೆ. ಮೂರನೇ ವಾರ ವಾಶಿಯ ಹಣ್ಣಿನ ಶೀತಲ ಗೋದಾಮೊಂದರಿಂದ ಕರೆ ಬಂತು.

ಮ್ಯಾನೇಜರ್ ಗ್ಯಾಪ್ ಬಗ್ಗೆ ಕೇಳಿಯೇ ಕೇಳಿದರು. ಅಕ್ಕ ಹೇಳಿದಂತೆ ಉತ್ತರಿಸಿದೆ. ಅವರು ತಲೆಯಾಡಿಸಿ, ಮಾವಿನ ಸೀಸನ್ನಿನಲ್ಲಿ ಹಳೆಯ ಪೆಟ್ಟಿಗೆಗಳು ಹಿಂದೆ ಉಳಿಯದಂತೆ ಹೇಗೆ ನೋಡಿಕೊಳ್ಳುತ್ತೀರಿ ಎಂದರು. ಅದು ನನಗೆ ಚೆನ್ನಾಗಿ ಗೊತ್ತಿದ್ದ ವಿಷಯ. ಅರ್ಧ ಗಂಟೆ ಮಾತಾಡಿದೆ.

ಆಫರ್ ಲೆಟರ್ ಕೈಗೆ ಬಂದ ಮೇಲೆ, ಬೆನ್ನಿಗೆ ಆಧಾರವಿರುವ ಕುರ್ಚಿ ಬೇಕು, ಭಾರ ಎತ್ತಲಾರೆ ಎಂದು ಮೇಲ್ ಬರೆದೆ. ಎರಡಕ್ಕೂ ಒಪ್ಪಿದರು. ಅಷ್ಟನ್ನು ಕೇಳಲು ನನಗೆ ಒಂದಿಷ್ಟೂ ಸಂಕೋಚವಾಗಲಿಲ್ಲ.