ಅಂಕ ಬಂದ ಮುಖ

ಟಕ್. ಸ್ಪೇಸ್ ಬಾರ್ ಒತ್ತುವ ಆ ಸದ್ದು ಇನ್ನೂ ಕಿವಿಯಲ್ಲಿದೆ. ಒತ್ತಿದರೆ ನನ್ನ ತಂಗಿ ಪರದೆಯ ಮೇಲೆ ಮಗನಿಗೆ ಅನ್ನ ಬಡಿಸುವಳು. ಮತ್ತೊಮ್ಮೆ ಒತ್ತಿದರೆ ಸೌಟು ಗಾಳಿಯಲ್ಲೇ ನಿಲ್ಲುವುದು. ವಡಪಳನಿಯ ಆ ಸ್ಟುಡಿಯೋ ಕೋಣೆಗೆ ಕಿಟಕಿಯೇ ಇರಲಿಲ್ಲ. ಏಸಿಯ ಚಳಿಗೆ ಸೆರಗು ಹೊದ್ದು ಕೂತಿದ್ದೆ.

ತಂಗಿ ಸಿನಿಮಾಗಳಲ್ಲಿ ಅಮ್ಮನ ಪಾತ್ರ ಮಾಡುತ್ತಿದ್ದಳು. ಕೊನೆಯ ಚಿತ್ರದಲ್ಲಿ ಒಂದು ದೃಶ್ಯ ಬಾಕಿಯಿರುವಾಗಲೇ ತೀರಿಕೊಂಡಳು. ಅದನ್ನು ಬೇರೊಬ್ಬ ಹೆಂಗಸು ನಟಿಸಿದಳು; ಅವಳ ಮುಖದ ಜಾಗಕ್ಕೆ ಇವಳ ಮುಖ ಕೂರಿಸುವುದು ಸ್ಟುಡಿಯೋದವರ ಕೆಲಸ. ಒಪ್ಪಂದ ಮಾಡಿಕೊಂಡವನು ತಂಗಿಯ ಮಗ. ಕಂಪ್ಯೂಟರ್ ಬಲ್ಲವನು. ಯಾರದೋ ಮುಖಕ್ಕೆ ಅಮ್ಮನ ಹೆಸರು ಹಚ್ಚಿಯಾರೆಂಬ ಭಯಕ್ಕೆ ಅವನೇ ಒಂದು ಷರತ್ತು ಹಾಕಿಸಿದ್ದ: ಐಡೆಂಟಿಟಿ ಸ್ಕೋರ್, ಅಂದರೆ ಮುಖದ ಹೋಲಿಕೆಗೆ ಕಂಪ್ಯೂಟರ್ ಕೊಡುವ ಅಂಕ, ಇಷ್ಟಾದರೂ ಬರಬೇಕು, ಬಂದರೆ ನಮ್ಮ ಕಡೆಯಿಂದ ತಕರಾರಿಲ್ಲ. ಬೇಲಿ ಎಂದುಕೊಂಡು ಕಟ್ಟಿದ್ದು. ಅದರೊಳಗೆ ನಾವೇ ಸಿಕ್ಕಿಕೊಂಡಿದ್ದೆವು.

ಸ್ಕೋರ್ ಬಂದಿತ್ತು.

"ಅಜ್ಜೀ, ಸರೀ ನೋಡಿ," ಎಂದಳು ಕೆಲಸ ಮಾಡಿದ ಹುಡುಗಿ. ಅವಳ ಅಪ್ಪ ಟಿ. ನಗರದಲ್ಲಿ ಹೋಟೆಲ್ ಇಟ್ಟಿರುವ ಕುಂದಾಪುರದ ಕಡೆಯವರು.

ನೋಡಿದೆ. ಮೂಗು ಅವಳದೇ, ಗಲ್ಲ ಅವಳದೇ. ಆದರೆ ದೀಪ ಎಡಗಡೆ ಉರಿಯುತ್ತಿದ್ದರೆ ಬೆಳಕು ಮುಖದ ಬಲಗಡೆ ಬಿದ್ದಿತ್ತು. ತಲೆ ತಿರುಗಿಸಿದಾಗ ಕೆನ್ನೆಯ ಅಂಚು ಒಂದು ಕ್ಷಣ ಅದುರುತ್ತಿತ್ತು. ಕಥೆಯಲ್ಲಿ ವರ್ಷಗಟ್ಟಲೆ ಕಾಣದಿದ್ದ ಮಗ ಎದುರಿಗೆ ಉಣ್ಣುತ್ತಿರುವಾಗ ಇವಳು ಫೋಟೋಗೆ ನಿಂತವಳಂತೆ ಹಲ್ಲು ಬಿಟ್ಟು ನಗುತ್ತಿದ್ದಳು.

"ಇದು ಅವಳಲ್ಲ," ಎಂದೆ.

"ದೊಡ್ಡಮ್ಮಾ, ಪ್ಲೀಸ್," ಎಂದ ಪಕ್ಕದಲ್ಲಿ ಕೂತಿದ್ದ ತಂಗಿಯ ಮಗ. " ನಂಬರ್ ನೋಡಿ, ಎಷ್ಟು ಹೈ ಇದೆ. ಅಮ್ಮನೇ ಇದು. ನೀವು ಕಾನ್ವೆಂಟ್ ಟೀಚರ್ ಥರ ತಪ್ಪು ಹುಡುಕ್ತೀರ."

"ಟೀಚರ್ ಆಗಿದ್ದಿದ್ರೆ ನಿನ್ನ ಬೆಂಚ್ ಮೇಲೆ ನಿಲ್ಲಿಸ್ತಿದ್ದೆ. ಈ ನಂಬರ್ ಏನನ್ನ ನೋಡತ್ತೆ, ಅದು ಹೇಳು."

ಅವನು ಹುಡುಗಿಯ ಕಡೆ ನೋಡಿದ. ಅವಳು ಮೆಲ್ಲಗೆ ಹೇಳಿದಳು: "ಮುಖದ್ದೊಂದು ಸಣ್ಣ ಚೌಕ ಕತ್ತರಿಸಿ ತಕ್ಕೊಳ್ತದೆ ಅಜ್ಜಿ. ಅದನ್ನ ಅಂಕಿಗಳ ಸಾಲು ಮಾಡಿ, ಅಮ್ಮನ ಹಳೇ ಸ್ಟಿಲ್‌ಗಳ ಸಾಲಿಗೆ ಎಷ್ಟು ಹತ್ತಿರ ಅಂತ ನೋಡ್ತದೆ. ಬೆಳಕು ಬೇರೆಯಾದ್ರೂ, ನಕ್ರೂ ಅತ್ರೂ, ಅದೇ ಮನುಷ್ಯ ಅಂತ ಗುರುತಿಸ್ಬೇಕಲ್ಲ, ಹಾಗಾಗಿ ಅವನ್ನೆಲ್ಲ ಲೆಕ್ಕಕ್ಕೇ ತಕ್ಕೊಳ್ಳದ ಹಾಗೆ ಅದನ್ನ ಕಲಿಸಿದ್ದು. ಕುತ್ತಿಗೆ, ಕೂದಲು ಚೌಕದ ಹೊರಗೆ. ಒಂದೊಂದು ಫ್ರೇಮನ್ನೂ ಬೇರೆ ಬೇರೆ ನೋಡಿ ಸರಾಸರಿ ಕೊಡ್ತದೆ. ನಡುವೆ ಅದುರಿದ್ರೆ ಅದಕ್ಕೆ ಗೊತ್ತೇ ಆಗುದಿಲ್ಲ."

"ಮತ್ತೆ ಈ ನಗು?"

ಅವಳು ಬಾಗಿಲ ಕಡೆ ಒಮ್ಮೆ ನೋಡಿ ಇನ್ನೊಂದು ಕ್ಲಿಪ್ ತೆರೆದಳು. "ಇದು ಮೊದಲು ಮಾಡಿದ್ದು. ಒಪ್ಪಂದದ ಮಾರ್ಕಿಗಿಂತ ಸ್ವಲ್ಪ ಕಮ್ಮಿ ಬಂತು. ಐಡೆಂಟಿಟಿ ಏರಿಸು ಅಂದ್ರು ನಮ್ಮ ಸ್ಟುಡಿಯೋದ ಸಾರ್. ಏರಿಸಿದೆ. ಸ್ಟಿಲ್ಲಲ್ಲೆಲ್ಲ ಅಮ್ಮ ನಗ್ತಾ ಇದ್ರು. ಮುಖದ ಜೊತೆ ಆ ನಗುವೂ ಬಂತು, ಆ ಬೆಳಕೂ ಬಂತು."

ಟಕ್.

ಇದರಲ್ಲಿ ಬೆಳಕು ದೀಪದಿಂದಲೇ ಬರುತ್ತಿತ್ತು. ಗಲ್ಲ ತುಸು ಬೇರೆಯವರದು, ನಿಜ. ಆದರೆ ಸೌಟು ಹಿಡಿದವಳು ನಗೆಯನ್ನು ತುಟಿಯೊಳಗೆ ಅದುಮಿ, ಕಣ್ಣನ್ನು ಎಲೆಗೆ ಇಳಿಸಿದಳು. ಬೇಕೆಂತಲೇ ಕೋಪ ತೋರಿಸುವ ತಂಗಿ.

"ಇದನ್ನ ತಗೊಳ್ಳಿ," ಎಂದೆ.

"ಮಾರ್ಕ್ ಬರದ್ದನ್ನ ನಾವು ಕೊಡೋ ಹಾಗಿಲ್ಲ ಅಜ್ಜಿ. ಮಾರ್ಕ್ ಬಂದದ್ದನ್ನ ನೀವು ಬೇಡ ಅನ್ನೋ ಹಾಗಿಲ್ಲ."

ತಂಗಿಯ ಮಗ ತಲೆ ತಗ್ಗಿಸಿದ. ಷರತ್ತು ಸಡಿಲಿಸಲು ನಿರ್ಮಾಪಕರಿಗೆ ಆಗಲೇ ಫೋನ್ ಮಾಡಿದ. ಆ ಕಡೆಯ ದನಿ ಹೊರಗೆ ಕೇಳುವಷ್ಟು ಗಟ್ಟಿಯಿತ್ತು: ಅಳತೆ ಕೇಳಿದ್ದು ನೀವೇ ಅಲ್ವಾ ಸಾರ್, ನಾಳೆ ಸೆನ್ಸಾರಿಗೆ ಹೋಗತ್ತೆ. ಅವನು ಫೋನ್ ಇಟ್ಟು, "ಶರಿ, ಹೋಗೋಣ ದೊಡ್ಡಮ್ಮ," ಎಂದ. ಅವನ ಮೇಲೆ ಸಿಟ್ಟು ಮಾಡಲಾಗಲಿಲ್ಲ. ಅಮ್ಮನನ್ನು ಕಾಪಾಡಲೆಂದೇ ಮಾಡಿದ್ದ, ಪಾವಂ, ಪಾಪದ ಹುಡುಗ.

ಚಿತ್ರ ಬಿಡುಗಡೆಯಾಯಿತು. "ಕಡೇ ಸೀನಲ್ಲಿ ಅವರಿಗೆ ಹುಷಾರಿರಲಿಲ್ವಾ? ಮುಖ ಒಂಥರಾ ಇತ್ತು," ಎಂದು ಪಕ್ಕದ ಮನೆಯಾಕೆ ಕೇಳಿದಳು. ನಾನು ನೋಡಲು ಹೋಗಲಿಲ್ಲ.

ನಾನು ತಂಗಿಯನ್ನು ಕಡೆಯ ಸಲ ಕಂಡದ್ದು ಟಿ. ನಗರದ ಸಂಜೆಯ ಗದ್ದಲದಲ್ಲಿ. ಆಟೋ ಹತ್ತಿದ್ದಳು. ನನಗೆ ಕಂಡದ್ದು ಡ್ರೈವರನ ಕನ್ನಡಿಯಲ್ಲಿ ಅರ್ಧ ಮುಖ ಅಷ್ಟೇ. ಧೂಳು ಕೂತ ಗಾಜು, ಕೆನ್ನೆಗೆ ಹಾರಿದ ಕೂದಲು, ಅಂಗಡಿಯೊಂದರ ನೀಲಿ ಬೆಳಕು. ಇನ್ನೊಂದು ಸೀರೆ ತಗೊಳ್ಳಲು ನಾನು ಬಿಡಲಿಲ್ಲವೆಂದು ಹುಸಿಮುನಿಸು. ನಗೆಯನ್ನು ತುಟಿಯೊಳಗೆ ಅದುಮಿ ಕಣ್ಣು ಕೆಳಗಿಳಿಸಿದಳು. ಆಟೋ ಹೊರಟಿತು.