ಹಾಸಿಗೆ ಸಾಲದ ಹಗಲು

ಅವತ್ತು ಬಂದವರಿಗೆ ಹಾಸಿಗೆ ಸಾಲದೆ ಅತ್ತೆ ತಾನಾಗಿಯೇ ಪಕ್ಕದ ಮನೆಗೆ ಹೋದಳು ಎಂದು ನಮ್ಮವರು ಈಗಲೂ ಹೇಳುತ್ತಾರೆ. ಒಪ್ಪುವುದು ಹೇಗೆ? ಹಾಸಿಗೆ ಬೇಕಾಗುವುದು ರಾತ್ರಿಗೆ. ಅತ್ತೆ ಹೊಸಿಲು ದಾಟಿದಾಗ ಬಿಸಿಲು ಇನ್ನೂ ನೆತ್ತಿಗೆ ಬಂದಿರಲಿಲ್ಲ.

ಅತ್ತೆ, ಅಂದರೆ ಅಪ್ಪನ ತಂಗಿ, ಗಂಡ ಸತ್ತಮೇಲೆ ಮಗಳನ್ನು ಕಟ್ಟಿಕೊಂಡು ತವರಿಗೆ ಬಂದವಳು. ಆ ಮಗಳನ್ನು ನೋಡಲು ಮಳವಳ್ಳಿ ಕಡೆಯವರು ಮಧ್ಯಾಹ್ನದ ಬಸ್ಸಿಗೇ ಬರುತ್ತಾರೆ, ರಾತ್ರಿ ಉಳಿಯುತ್ತಾರೆ ಎಂಬ ಸುದ್ದಿ ಬೆಳಿಗ್ಗೆ ಮದ್ದೂರಿನಿಂದ ಬಂದವರೊಬ್ಬರ ಬಾಯಲ್ಲಿ ಬಂತು. ಯುದ್ಧದ ಕಾಲ, ಪೆಟ್ರೋಲಿಲ್ಲದೆ ಇದ್ದಿಲಿನಲ್ಲಿ ಓಡುವ ಬಸ್ಸು ತಡವಾಗಿ ಬರುವುದೆಂಬ ಧೈರ್ಯ ಮಾತ್ರ ನಮಗಿತ್ತು.

ಅತ್ತೆ ಸೆರಗು ಬಿಗಿದಳು. ಚಾಪೆ, ಕಂಬಳಿ, ದುಪ್ಪಟಿಗಳೆಲ್ಲ ಮೊದಲು ಹಿತ್ತಲ ಬೇಲಿಗೆ ಹೋದವು. ಕಾಲೇಜಿನಿಂದ ರಜೆಗೆ ಬಂದಿದ್ದ ನಾನು ಪೊರಕೆ ಹಿಡಿದೆ.

"ಲೇ ಲಾಯ್ರಿ, ಪೊರ್ಕೆ ಬುಡ್ಲಾ. ಮೊದ್ಲು ಎಂಚಿನ ಜೇಡ ತೆಗಿ. ಕೆಳಗಿಂದ ಸುರು ಮಾಡಾಕೆ ಇದೇನು ನಿನ್ ವಾದ್ವಾ?" ಎಂದಳು ಅತ್ತೆ.

ಜೇಡ ತೆಗೆದು, ಗೋಡೆ ಒರೆಸಿ, ಆಮೇಲೆ ಗುಡಿಸಿದೆವು. ಒಲೆಯ ಮೇಲೆ ಅವರೆಕಾಳು ಸಾರು ಕುದಿಯಿತು. ಹೆಸರುಬೇಳೆ ಹುರಿದು ಬೇಯಿಸಿ ಬೆಲ್ಲದ ಪಾಯಸವನ್ನೂ ಮಾಡಿದಳು. ಅಕ್ಕಿ ಕಡಿಮೆ ಇತ್ತು, ಅನ್ನ ಬಂದವರಿಗಷ್ಟೇ, ನಮಗೆ ಮುದ್ದೆ. ಕೊನೆಗೆ ಸಗಣಿ ಸಾರಿಸಲು ಕೂತಳು. ಬೀದಿಬಾಗಿಲಿಂದ ಶುರು ಮಾಡಿ, ಹಿಂದಕ್ಕೆ ಸರಿಯುತ್ತ ಸರಿಯುತ್ತ ಹಿತ್ತಲ ಬಾಗಿಲಿನ ಆಚೆ ಹೋಗಿ ನಿಂತಳು. ಒಳಗೆಲ್ಲ ಹಸಿ ನೆಲ.

ಅಜ್ಜಿ ಅವಳನ್ನು ಮತ್ತೆ ಒಳಗೆ ಬಿಡಲಿಲ್ಲ. "ಅಂಗೇ ಓಗ್ಬುಡು ಮಗಾ. ಒಳ್ಳೆ ಕೆಲ್ಸಕ್ಕೆ ಬರೋರು, ನೀನು ಎದ್ರಾಗ್ಬ್ಯಾಡ."

"ಅವಳ ಮಗಳ ಕೆಲಸ ತಾನೆ ಅಜ್ಜಿ?" ಎಂದೆ.

"ನಿನ್ ಇಂಗ್ಲಿಸ್ ಓದು ಮೈಸೂರಲ್ಲೇ ಮಡಿಕ್ಕೊ ಕಣ್ಲಾ."

ಅತ್ತೆ ನನ್ನ ಪರ ನಿಲ್ಲಲಿಲ್ಲ. "ಪಾಯ್ಸ ತಳ ಇಡ್ದದು, ತಿರುವ್ತಾ ಇರು" ಎಂದಷ್ಟೇ ಹೇಳಿ, ಸಗಣಿ ಕೈ ತೊಳೆದು ಪಕ್ಕದ ಮನೆಗೆ ಹೋದಳು.

ಬಂದವರು ಒಳ್ಳೆಯವರೇ. ಕಂಬಳಿ ಮೇಲೆ ಕೂತು ಉಂಡರು, ಪಾಯಸವನ್ನು ಎರಡನೇ ಸಲ ಹಾಕಿಸಿಕೊಂಡರು. ಅವರಲ್ಲಿ ಹಿರಿಯ ಹೆಂಗಸು ಹುಡುಗಿಯನ್ನು ಪಕ್ಕಕ್ಕೆ ಕೂರಿಸಿಕೊಂಡು ಕೇಳಿದಳು: "ನಿಮ್ಮವ್ವ ಎಲ್ಲವ್ವಾ? ಕಾಣ್ನಿಲ್ಲ."

ಹುಡುಗಿ ಅಜ್ಜಿಯ ಮುಖ ನೋಡಿದಳು. "ಬೆಸಗರಳ್ಳಿಗೆ ಓಗವ್ಳೆ."

ನಮ್ಮದಕ್ಕೂ ಪಕ್ಕದ ಮನೆಗೂ ನಡುವೆ ಒಂದೇ ಮಣ್ಣಿನ ಗೋಡೆ. ಅದೂ ಹೆಂಚಿನವರೆಗೆ ಏರಿರಲಿಲ್ಲ. ಅಲ್ಲಿ ಯಾರಾದರೂ ಕೆಮ್ಮಿದರೂ ನಮಗೆ ಕೇಳಿಸುತ್ತಿತ್ತು. ಆ ಹೊತ್ತಿನಲ್ಲಿ ಏನೂ ಕೇಳಿಸಲಿಲ್ಲ.

ಸಂಬಂಧ ಕುದುರಿತು. ಮಾರನೆಯ ದಿನ ಅವರು ಬಸ್ಸು ಹತ್ತಿದ ಮೇಲೆ ಅತ್ತೆ ಬಂದು, ಅವರು ಹೊದ್ದಿದ್ದ ದುಪ್ಪಟಿಗಳನ್ನು ಒಗೆಯಲು ಎತ್ತಿಕೊಂಡಳು. ಅವುಗಳಲ್ಲಿ ಅವಳದೂ ಒಂದಿತ್ತು. ಮಗಳು ಒಲೆ ಮುಂದೆ ಬೆನ್ನು ತಿರುಗಿಸಿ ಕೂತಿದ್ದಳು.

ನಾನು ಹಿತ್ತಲವರೆಗೂ ಅತ್ತೆಯ ಹಿಂದೆಯೇ ಹೋದೆ.

"ಅತ್ತೆ, ನಿನ್ನ ಮಗಳು ನಿನ್ನೆ ಹೇಳಿದ್ದು ನಿನಗೆ ಕೇಳಿಸ್ತಾ?"

"ಬೆಸಗರಳ್ಳಿಗೆ ಎಂಗ್ಲಾ ಕೇಳ್ಸಾದು?" ಎಂದು ಅತ್ತೆ ದುಪ್ಪಟಿಗಳನ್ನು ನೀರಿಗೆ ಅದ್ದಿದಳು.