ಪಂಢರಿಯ ಐವತ್ತೆಂಟು ಕಿಲೋ

ಸಂತಪುರದ ಪಂಢರಿ ಮೂವತ್ತು ವರ್ಷ ಬಸ್ಸಿನ ಕಂಡಕ್ಟರಾಗಿದ್ದವರು. ಬೀದರ ಬಸ್ ನಿಲ್ದಾಣದ ತೂಕದ ಯಂತ್ರಕ್ಕೆ ನಾಣ್ಯ ಹಾಕಿ ಚೀಟಿ ತೆಗೆಯುವುದು ಅವರ ಹಳೆಯ ಚಟ. ಮೂವತ್ತೈದರ ವಯಸ್ಸಿನಲ್ಲಿ ಐವತ್ತೆಂಟು ಕಿಲೋ, ಈಗ ಅರವತ್ತಾರರಲ್ಲೂ ಐವತ್ತೆಂಟು. ಚೀಟಿಯ ಮೇಲಿನ ಭವಿಷ್ಯ ಒಂದೂ ನಿಜವಾಗಲಿಲ್ಲ, ಅಂಕಿ ಮಾತ್ರ ಕದಲಲಿಲ್ಲ ಎಂದು ಕಟ್ಟೆಯ ಮೇಲೆ ಕೂತು ಹೇಳಿಕೊಳ್ಳುತ್ತಿದ್ದರು.

ಬೆಲ್ಟು ಮಾತ್ರ ಎರಡು ತೂತು ಸಡಿಲಿಸಬೇಕಾಗಿತ್ತು. ಹೊಟ್ಟೆ ಬಂತೆಂದು ಪಂಢರಿ ರಾತ್ರಿಯ ಬೇಳೆ, ರೊಟ್ಟಿ ಬಿಟ್ಟು ಬರೀ ಚಹಾ ಕುಡಿದು ಮಲಗತೊಡಗಿದರು.

ಊರಿನ ಬುದ್ಧ ವಿಹಾರದಲ್ಲಿ ಪ್ರತಿ ಹುಣ್ಣಿಮೆ ಮುಂದೆ ಕೂತು ಜನರಿಂದ ಸಾಲುಸಾಲಾಗಿ ವಂದನೆ ಹೇಳಿಸುವವರು ಅವರೇ. ಆಷಾಢದ ಹುಣ್ಣಿಮೆಯಂದು ಬುದ್ಧನಿಗೆ ಮೂರು ಸಲ ಬಾಗುವಾಗ, ಮೂರನೇ ಸಲ ನೆಲಕ್ಕೆ ಹಣೆ ಹಚ್ಚಿದವರಿಗೆ ಮೇಲೇಳಲಾಗಲಿಲ್ಲ. ಅಣ್ಣನ ಮಗ ಕಪಿಲ ಬಗಲಿಗೆ ಕೈ ಹಾಕಿ ಎತ್ತಿದ. ಜನ ನೋಡಿಯೂ ನೋಡದಂತೆ ಕೂತರು. ಅದೇ ಅವರಿಗೆ ಹೆಚ್ಚು ಚುಚ್ಚಿತು.

"ಬರೋ ಹುಣ್ಣಿಮಿಗಿ ನೀನೇ ಹೇಳಸು," ಎಂದರು ದಾರಿಯಲ್ಲಿ.

"ಮೊದಲ ದವಾಖಾನಿಗಿ ನಡೀರಿ ಕಾಕಾ," ಎಂದ ಕಪಿಲ.

ಬೀದರದ ಡಾಕ್ಟರು ಸಕ್ಕರೆ, ಥೈರಾಯ್ಡ್ ಎಲ್ಲ ಪರೀಕ್ಷಿಸಿದರು. ರೋಗವೇನೂ ಕಾಣದೆ ಫಿಸಿಯೋಥೆರಪಿಯ ವಿಶಾಖಾ ಬಳಿ ಕಳಿಸಿದರು. ಅವಳು ಎದೆಗೆ ಕೈ ಕಟ್ಟಿಸಿ, ಕುರ್ಚಿಯಿಂದ ಐದು ಸಲ ಎದ್ದು ಕೂರಲು ಹೇಳಿದಳು. ಹತ್ತೊಂಬತ್ತು ಸೆಕೆಂಡು ಹಿಡಿಯಿತು.

"ಹದಿನೈದರ ಒಳಗ ಆಗಬೇಕಿತ್ತು, ಕಾಕಾ."

ಪಂಢರಿ ಜೇಬಿನಿಂದ ಚೀಟಿ ತೆಗೆದರು. "ತೂಕ ಹಂಗೇ ಅದ ನೋಡವ್ವ. ಬಲ ಎಲ್ಲಿ ಹೋಯ್ತು?"

"ತೂಕದ ಯಂತ್ರ ಮೊತ್ತ ಅಷ್ಟೇ ಹೇಳ್ತದ ರೀ. ವಯಸ್ಸಾದಂಗ ಮಾಂಸಖಂಡ ಕರಗ್ತದ, ಕೊಬ್ಬು ಸೇರ್ತದ. ಇದೊಂದು ಕಿಲೋ ಹೋದ್ರ ಅದೊಂದು ಕಿಲೋ ಬರ್ತದ. ಎಲ್ಲಾರಿಗೂ ಹಿಂಗೇ ಆಗ್ತದ, ಆದ್ರ ತಡ ಮಾಡಬಹುದು. ರಾತ್ರಿ ಏನ್ ಊಟ ಮಾಡ್ತೀರಿ?"

ಜೊತೆಗೆ ಬಂದಿದ್ದ ಹೆಂಡತಿ ಕೇಶರಬಾಯಿ ಬಾಯಿ ಹಾಕಿದರು: "ಚಹಾ! ಹೀರೋ ಆಗಬೇಕಂತ."

ವಿಶಾಖಾ ನಕ್ಕಳು. "ಅದಕ್ಕೇ ಇನ್ನೂ ಜಲ್ದಿ ಕರಗ್ಯಾದ. ಎರಡೂ ಹೊತ್ತು ಬ್ಯಾಳಿ ತಿನ್ರಿ, ತತ್ತಿ ತಿನ್ರಿ. ದಿನಾ ಕುರ್ಚಿಯಿಂದ ಎದ್ದು ಕೂಡ್ರಿ. ಬರೀ ಅಡ್ಡಾಡಿದ್ರ ಸಾಲದು."

ಮರುದಿನದಿಂದ ಅಂಗಳದಲ್ಲಿ ಕುರ್ಚಿ. ಎಂಟು ಸಲ, ಆಮೇಲೆ ಹತ್ತು, ಆಮೇಲೆ ಎರಡು ಕೈಯಲ್ಲೂ ನೀರಿನ ಬಾಟಲಿ ಹಿಡಿದು. ಕೇಶರಬಾಯಿ ಅಡುಗೆಮನೆಯಿಂದಲೇ ಎಣಿಸುತ್ತಿದ್ದರು, ಹೆಚ್ಚು ಮಾಡಲೆಂದು ನಡುವೆ ಒಂದೊಂದನ್ನು ಲೆಕ್ಕಕ್ಕೆ ಹಿಡಿಯದೆ. ಎರಡು ಹುಣ್ಣಿಮೆ ಕಪಿಲನೇ ವಂದನೆ ಹೇಳಿಸಿದ. ಪಂಢರಿ ಹಿಂದೆ ಗೋಡೆಯ ಪಕ್ಕ ಕೂತು ದನಿ ಸೇರಿಸಿದರು.

ಮೂರನೇ ಹುಣ್ಣಿಮೆಯ ಹೊತ್ತಿಗೆ ಚೀಟಿಯಲ್ಲಿ ಐವತ್ತೆಂಟೇ ಇತ್ತು. ಅದನ್ನು ಅವರು ಯಾರಿಗೂ ತೋರಿಸಲಿಲ್ಲ. ಆ ಸಂಜೆ ಮುಂದೆ ಹೋಗಿ ಕೂತು ವಂದನೆ ಶುರು ಮಾಡಿದರು. ಮೂರನೇ ಸಲ ಹಣೆ ನೆಲಕ್ಕೆ ಹತ್ತಿತು. ಕಪಿಲ ಕೈ ಚಾಚಿದ. ಕೇಶರಬಾಯಿ ಅವನ ಅಂಗಿ ಹಿಡಿದು ಜಗ್ಗಿದರು. ಪಂಢರಿ ಒಂದು ಕೈ ಮೊಣಕಾಲಿಗೆ ಊರಿ, ತುಸು ತಡೆದು, ತಾವೇ ಎದ್ದು ನಿಂತು ಮುಂದಿನ ಸಾಲು ಹೇಳಿದರು.